ನಾನೂರು ಮನೆ ಸಾಕೇ?

ಚುನಾವಣೆ ಬಂತೆಂದರೆ ಟಿ.ವಿ.ಯಲ್ಲಿ ಸಮೀಕ್ಷೆಗಳ ಸುರಿಮಳೆ. ಇಡೀ ರಾಜ್ಯದಲ್ಲಿ ಕೆಲವೇ ಸಾವಿರ ಜನರನ್ನು ಮಾತನಾಡಿಸಿ, ಯಾವ ಪಕ್ಷಕ್ಕೆ ಶೇಕಡಾ ಎಷ್ಟು ಮತ ಎಂದು ಹೇಳಿಬಿಡುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಶೇ 3ರಷ್ಟು ಹೆಚ್ಚು ಕಡಿಮೆ ಆಗಬಹುದು’ ಎಂಬ ಸಾಲು ಓಡುತ್ತದೆ. ನೋಡುತ್ತಾ ಕೂತವರ ಬಾಯಲ್ಲಿ ಬರುವ ಮಾತು ಒಂದೇ: ‘ನಮ್ಮ ಮನೆಗೆ ಯಾರೂ ಬಂದು ಕೇಳಲೇ ಇಲ್ಲವಲ್ಲ!’ ಅದರ ಹಿಂದೆಯೇ ಇನ್ನೊಂದು ಅನುಮಾನ: ಐದಾರು ಕೋಟಿ ಜನರ ಮನಸ್ಸನ್ನು ಇಷ್ಟು ಮಂದಿಯಿಂದ ತಿಳಿಯಬಹುದಾದರೆ, ನಮ್ಮ ಒಂದು ಹೋಬಳಿಯ ವಿಷಯ ತಿಳಿಯಲು ಹತ್ತು ಹದಿನೈದು ಜನ ಸಾಕಲ್ಲವೇ?

ಸಾಕಾಗುವುದಿಲ್ಲ. ರಾಜ್ಯಕ್ಕೆ ಬೇಕಾದಷ್ಟೇ ಜನ ಹೆಚ್ಚುಕಡಿಮೆ ಹೋಬಳಿಗೂ ಬೇಕು. ಕೇಳಲು ವಿಚಿತ್ರವೆನಿಸುವ ಈ ಸಂಗತಿಯನ್ನು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಟೇಕಲ್ ಹೋಬಳಿಯನ್ನೇ ಮುಂದಿಟ್ಟುಕೊಂಡು ಬಿಡಿಸೋಣ.

ಕೇಳಬೇಕಾದ ಪ್ರಶ್ನೆ

ಟೇಕಲ್ ಬಂಡೆಗಳ ಊರು. ಬೆಂಗಳೂರಿನಿಂದ ಜೋಲಾರ್‌ಪೇಟೆ ಕಡೆಗೆ ಹೋಗುವ ರೈಲಿನಲ್ಲಿ ಕೂತವರಿಗೆ ಮಾಲೂರು ದಾಟಿದ ಮೇಲೆ ಈ ನಿಲ್ದಾಣ ಸಿಗುತ್ತದೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆಳಕ್ಕೆ ಕೊರೆದ ಬೋರ್‌ವೆಲ್‌ಗಳ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಹೆಚ್ಚು. ಹಾಗಾಗಿ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ, ಅದನ್ನು ಬೈಕಿನಲ್ಲೋ ಸೈಕಲ್ಲಿನಲ್ಲೋ ಮನೆಗೆ ಸಾಗಿಸುತ್ತಾರೆ.

ನಮ್ಮ ಪ್ರಶ್ನೆ ಇದು: ಟೇಕಲ್ ಹೋಬಳಿಯಲ್ಲಿ ನೂರಕ್ಕೆ ಎಷ್ಟು ಮನೆಯವರು ಕುಡಿಯಲು ಕ್ಯಾನ್ ನೀರನ್ನೇ ಬಳಸುತ್ತಾರೆ? ಲೆಕ್ಕ ಸುಲಭವಾಗಲೆಂದು ಹೋಬಳಿಯಲ್ಲಿ 6,000 ಮನೆಗಳಿವೆ ಎಂದಿಟ್ಟುಕೊಳ್ಳೋಣ. ಇಲ್ಲಿ ಮುಂದೆ ಬರುವ ಮನೆಗಳ ಉತ್ತರಗಳೂ ಲೆಕ್ಕಕ್ಕಾಗಿ ಊಹಿಸಿಕೊಂಡವೇ. ಎಲ್ಲ 6,000 ಬಾಗಿಲನ್ನೂ ತಟ್ಟುವಷ್ಟು ಸಮಯವಾಗಲಿ ದುಡ್ಡಾಗಲಿ ಇಲ್ಲ. ಕೆಲವು ಮನೆಗಳನ್ನು ಆರಿಸಿ ಕೇಳಬೇಕು. ಹೀಗೆ ಆರಿಸಿದ ಗುಂಪನ್ನು ‘ಮಾದರಿ’ ಎನ್ನುತ್ತಾರೆ. ಅದರಲ್ಲಿ ಎಷ್ಟು ಮನೆ ಇರಬೇಕು ಎಂಬುದೇ ಕಗ್ಗಂಟು.

ನಾಲ್ಕು ಮನೆಗಳಿಂದ ಶುರು ಮಾಡೋಣ

ಹೋಬಳಿಯಲ್ಲಿ ನಿಜಕ್ಕೂ ಅರ್ಧ ಮನೆಗಳು ಕ್ಯಾನ್ ನೀರು ಬಳಸುತ್ತವೆ ಎನ್ನೋಣ. ನಮಗೆ ಅದು ಗೊತ್ತಿಲ್ಲ. ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ ನಾಲ್ಕು ಮನೆ ಆರಿಸುತ್ತೇವೆ. ಪ್ರತಿ ಮನೆಯ ಉತ್ತರ ‘ಹೌದು’ ಅಥವಾ ‘ಇಲ್ಲ’. ನಾಲ್ಕು ಮನೆಗಳ ಉತ್ತರಗಳು 16 ಬಗೆಯಲ್ಲಿ ಬರಬಹುದು. ಅವುಗಳಲ್ಲಿ ಸರಿಯಾಗಿ ಎರಡು ಹೌದು, ಎರಡು ಇಲ್ಲ ಎಂದು ಬರುವುದು 6 ಬಗೆಗಳಲ್ಲಿ ಮಾತ್ರ. ಮೂರಕ್ಕೆ ಒಂದು ಎಂದು ಬರುವುದು ಎರಡೂ ಕಡೆ ಸೇರಿ 8 ಬಗೆ. ನಾಲ್ಕೂ ಹೌದು ಅಥವಾ ನಾಲ್ಕೂ ಇಲ್ಲ ಎಂದಾಗುವುದು 2 ಬಗೆ. ಅಂದರೆ ಎಂಟರಲ್ಲಿ ಒಂದು ಸಲ ನಾವು ‘ಎಲ್ಲರೂ ಕ್ಯಾನ್ ನೀರೇ ಕುಡಿಯುತ್ತಾರೆ’ ಅಥವಾ ‘ಯಾರೂ ಕುಡಿಯುವುದಿಲ್ಲ’ ಎಂಬ ಪೂರ್ತಿ ತಪ್ಪು ಸುದ್ದಿಯೊಂದಿಗೆ ವಾಪಸ್ಸು ಬರುತ್ತೇವೆ.

ಮನೆಗಳನ್ನು 100ಕ್ಕೆ ಏರಿಸಿ. ಈಗ ನೂರೂ ಮನೆ ‘ಹೌದು’ ಎನ್ನುವುದು ಬಹುತೇಕ ಅಸಾಧ್ಯ. ಅಲ್ಲೊಂದು ‘ಹೌದು’ ಹೆಚ್ಚು ಬಂದರೆ ಇಲ್ಲೊಂದು ‘ಇಲ್ಲ’ ಬಂದು ಅದನ್ನು ಸರಿದೂಗಿಸುತ್ತದೆ. ಪೂರ್ತಿ ಅಲ್ಲ, ಬಹುಮಟ್ಟಿಗೆ. ಎಣಿಸಿ ನೋಡಿದರೆ, ನೂರಕ್ಕೆ ಸುಮಾರು 95 ಸಲ ‘ಹೌದು’ಗಳ ಸಂಖ್ಯೆ 40ರಿಂದ 60ರ ಒಳಗೇ ಬೀಳುತ್ತದೆ. 50ರಿಂದ ಅತ್ತ 10, ಇತ್ತ 10.

ಇನ್ನು 400 ಮನೆ. ಈ ಸಲ ‘ಹೌದು’ಗಳು ಸಾಮಾನ್ಯವಾಗಿ 180ರಿಂದ 220ರ ಒಳಗೆ ಬರುತ್ತವೆ. 200ರಿಂದ ಅತ್ತ 20, ಇತ್ತ 20. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮನೆಗಳು ನಾಲ್ಕು ಪಟ್ಟಾದವು, ಆದರೆ ಹೊಯ್ದಾಟ 10ರಿಂದ 20ಕ್ಕೆ, ಎರಡು ಪಟ್ಟು ಮಾತ್ರ ಏರಿತು. ಒಂದರ ತಪ್ಪನ್ನು ಇನ್ನೊಂದು ತಿನ್ನುತ್ತಾ ಹೋಗುವುದರಿಂದ ಹೊಯ್ದಾಟ ಮನೆಗಳಷ್ಟು ವೇಗವಾಗಿ ಬೆಳೆಯಲಾರದು. 400ರಲ್ಲಿ 20 ಎಂದರೆ ನೂರಕ್ಕೆ 5. ಮೊದಲಿದ್ದ ಶೇ 10 ಅರ್ಧಕ್ಕೆ ಇಳಿಯಿತು.

ನಮ್ಮ ಉತ್ತರ ನಿಜದಿಂದ ಎಷ್ಟು ಅತ್ತಿತ್ತ ಹೋಗಬಹುದೋ ಅದನ್ನು ‘ಏರುಪೇರಿನ ಮಿತಿ’ ಎಂದು ಕರೆಯೋಣ. ಟಿ.ವಿ.ಯವರು ಮಾರ್ಜಿನ್ ಆಫ್ ಎರರ್ ಎನ್ನುವುದು ಇದನ್ನೇ. ಅದನ್ನು ಅಂದಾಜು ಮಾಡಲು ಒಂದು ಕೈಲೆಕ್ಕವಿದೆ: ಕೇಳಿದ ಮನೆಗಳ ಸಂಖ್ಯೆಯ ವರ್ಗಮೂಲ ತೆಗೆದು, ಅದರಿಂದ 100ನ್ನು ಭಾಗಿಸಿ. 400ರ ವರ್ಗಮೂಲ 20, ಮಿತಿ ಶೇ 5. 1,600 ಮನೆಯಾದರೆ ಶೇ 2.5. ಶೇ 1ಕ್ಕೆ ಇಳಿಸಬೇಕೆಂದರೆ 10,000 ಮನೆ ಬೇಕು. ಮೊದಲ ನಾನೂರು ಮನೆಗಳು ಕೊಟ್ಟಷ್ಟು ಲಾಭವನ್ನು ಆಮೇಲಿನ ನಾನೂರು ಕೊಡುವುದಿಲ್ಲ. ಬಹಳಷ್ಟು ಸಮೀಕ್ಷೆಗಳು ಶೇ 3ರಿಂದ 5ರ ಮಿತಿಯಲ್ಲಿ ನಿಂತುಬಿಡುವುದಕ್ಕೆ ಕಾರಣ ಇದೇ ಖರ್ಚಿನ ಲೆಕ್ಕ.

ಹೋಬಳಿ ದೊಡ್ಡದೋ ಚಿಕ್ಕದೋ

ಈವರೆಗಿನ ಲೆಕ್ಕದಲ್ಲಿ 6,000 ಎಂಬ ಸಂಖ್ಯೆ ಎಲ್ಲೂ ಬರಲಿಲ್ಲ. ಹೊಯ್ದಾಟ ನಿಂತಿರುವುದು ನಾವು ಎಷ್ಟು ಮನೆ ಕೇಳಿದೆವು ಎಂಬುದರ ಮೇಲೆ, ಕೇಳದೆ ಬಿಟ್ಟವು ಎಷ್ಟು ಎಂಬುದರ ಮೇಲಲ್ಲ. ಸಾರಿಗೆ ಉಪ್ಪು ಸಾಕೇ ಎಂದು ನೋಡುವವರು ಮನೆಯ ಪಾತ್ರೆಯಾದರೂ ಮದುವೆಮನೆಯ ಕೊಳಗವಾದರೂ ಅದೇ ಒಂದು ಸೌಟು ಎತ್ತಿ ಅಂಗೈಗೆ ಬಿಟ್ಟುಕೊಳ್ಳುತ್ತಾರೆ. ಕೊಳಗ ದೊಡ್ಡದೆಂದು ಬಕೆಟ್ಟಿನಲ್ಲಿ ಕುಡಿದು ನೋಡುವುದಿಲ್ಲ. ಅವರು ತಪ್ಪದೆ ಮಾಡುವುದು ಒಂದನ್ನು: ಮೊದಲು ತಳದವರೆಗೆ ಚೆನ್ನಾಗಿ ಕದಡುತ್ತಾರೆ. ಸಮೀಕ್ಷೆಯಲ್ಲಿ ಆ ಕದಡುವ ಕೆಲಸವೇ ಚೀಟಿ ಎತ್ತುವುದು.

ಆದರೂ ಊರು ತೀರ ಚಿಕ್ಕದಾದರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಕೇಳಿದ ಮನೆಗಳೇ ಊರಿನ ದೊಡ್ಡ ಪಾಲಾದಾಗ, ಗೊತ್ತಿಲ್ಲದೆ ಉಳಿಯುವುದು ಕಡಿಮೆ ತಾನೇ. ಕೈಲೆಕ್ಕ ಬಿಟ್ಟು ಕರಾರುವಾಕ್ಕಾಗಿ ಮಾಡಿದರೆ, ಶೇ 5ರ ಮಿತಿಗೆ ಇಡೀ ಕರ್ನಾಟಕಕ್ಕೆ 385 ಮನೆ ಬೇಕು, 6,000 ಮನೆಗಳ ಹೋಬಳಿಗೆ 362, 300 ಮನೆಗಳ ಒಂದು ಹಳ್ಳಿಗೆ 169. ರಾಜ್ಯದಿಂದ ಹೋಬಳಿಗೆ ಇಳಿದರೂ ಉಳಿದದ್ದು ಬರೀ 23 ಮನೆ. ಹಳ್ಳಿಗೆ ಬಂದರಂತೂ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಹೋಗಲೇಬೇಕು.

ಹಾಗಾದರೆ ಸರ್ಕಾರದ ದೊಡ್ಡ ಸಮೀಕ್ಷೆಗಳು ಅಷ್ಟೊಂದು ಮನೆಗಳಿಗೆ ಯಾಕೆ ಹೋಗುತ್ತವೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, 2019ರಲ್ಲಿ, ಕರ್ನಾಟಕದ 26,574 ಮನೆಗಳ ಮಾಹಿತಿ ಪಡೆದರು. ಆಗ ಇದ್ದ 30 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸರಾಸರಿ 900ಕ್ಕೆ ತುಸು ಕಡಿಮೆ. ರಾಜ್ಯಕ್ಕೆ ಒಂದೇ ಉತ್ತರ ಸಾಕಾಗಿದ್ದರೆ ಇಷ್ಟು ಬೇಕಿರಲಿಲ್ಲ. ಕೋಲಾರಕ್ಕೇ ಬೇರೆ, ಬೀದರಿಗೇ ಬೇರೆ ಉತ್ತರ ಬೇಕಾಗಿತ್ತು, ಹಾಗಾಗಿ ಪ್ರತಿ ಜಿಲ್ಲೆಗೂ ಒಂದೊಂದು ಪೂರ್ತಿ ಮಾದರಿ ಬೇಕಾಯಿತು. ನಮ್ಮ ಕ್ಯಾನ್ ನೀರಿನ ಪ್ರಶ್ನೆಗೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಿಗೆ ಬೇರೆಬೇರೆ ಉತ್ತರ ಬೇಕೆಂದರೆ ಒಟ್ಟು 400 ಸಾಲದು, ತಲಾ 400ರ ಹತ್ತಿರ ಬೇಕು. ಒಟ್ಟು 400 ಮನೆ ಕೇಳಿ, ಆಮೇಲೆ ತಾಲ್ಲೂಕುವಾರು ಶೇಕಡಾ ಬರೆಯುವ ವರದಿಗಳು ಎಷ್ಟೋ ಬರುತ್ತವೆ. ಅಲ್ಲಿ ಪ್ರತಿ ತಾಲ್ಲೂಕಿನ ಅಂಕಿಯ ಹಿಂದೆ ಇರುವುದು 100 ಮನೆ, ಮಿತಿ ಶೇ 10. ಅದನ್ನು ಹೇಳದೆ ಬಿಡುವುದು ಓದುಗರಿಗೆ ಮಾಡುವ ಅನ್ಯಾಯ.

ಎಷ್ಟು ಭರವಸೆ?

‘ನೂರಕ್ಕೆ ಸುಮಾರು 95 ಸಲ’ ಎಂಬ ಮಾತು ಮೇಲೆ ಬಂತು. ಅದು ಭರವಸೆಯ ಮಟ್ಟ, ಕಾನ್ಫಿಡೆನ್ಸ್ ಲೆವೆಲ್. ಇದನ್ನು ಹೀಗೆ ಅರ್ಥಮಾಡಿಕೊಳ್ಳಬೇಕು: ನೂರು ತಂಡಗಳು ಬೇರೆಬೇರೆಯಾಗಿ ಚೀಟಿ ಎತ್ತಿ ಇದೇ ಹೋಬಳಿಯಲ್ಲಿ ಇದೇ ಸಮೀಕ್ಷೆ ಮಾಡಿದರೆ, ಸುಮಾರು 95 ತಂಡಗಳ ‘ಇಷ್ಟರಿಂದ ಇಷ್ಟು’ ಎಂಬ ಉತ್ತರದೊಳಗೆ ನಿಜಸಂಖ್ಯೆ ಸಿಕ್ಕಿಕೊಂಡಿರುತ್ತದೆ. ಉಳಿದ ಐದು ತಂಡಗಳು ಯಾವ ತಪ್ಪೂ ಮಾಡಿರುವುದಿಲ್ಲ, ಆದರೂ ಅವರಿಗೆ ಎದ್ದ ಚೀಟಿಗಳು ಅವರನ್ನು ದಾರಿ ತಪ್ಪಿಸಿರುತ್ತವೆ. ನಾವು ಆ ಐದರಲ್ಲಿ ಒಬ್ಬರೋ ಎಂಬುದು ನಮಗೆ ತಿಳಿಯುವುದಿಲ್ಲ.

ಮಿತಿಯನ್ನು ಶೇ 5ಕ್ಕೇ ಇಟ್ಟು ಭರವಸೆಯನ್ನು ಮಾತ್ರ 99ಕ್ಕೆ ಏರಿಸಿದರೆ 385ರ ಜಾಗದಲ್ಲಿ 664 ಮನೆ ಬೇಕಾಗುತ್ತದೆ. 90ಕ್ಕೆ ಇಳಿಸಿದರೆ 271 ಸಾಕು. ನೀರಿನ ಘಟಕ ಎಲ್ಲಿ ಹಾಕಬೇಕು ಎನ್ನುವಂಥ ತೀರ್ಮಾನಕ್ಕೆ 95 ಧಾರಾಳವಾಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಈ ಎಲ್ಲ ಲೆಕ್ಕ ‘ಅರ್ಧಕ್ಕರ್ಧ’ ಎಂಬ ಊಹೆಯ ಮೇಲೆ ನಿಂತಿದೆ. ಊರು ಸಮವಾಗಿ ಎರಡು ಹೋಳಾದಾಗಲೇ ಹೊಯ್ದಾಟ ಅತಿ ಹೆಚ್ಚು, ಹಾಗಾಗಿ ಏನೂ ಗೊತ್ತಿಲ್ಲದಾಗ ಅರ್ಧ ಎಂದು ಹಿಡಿಯುವುದೇ ಸುರಕ್ಷಿತ. ಫ್ಲೋರೈಡಿನಿಂದ ಹಲ್ಲು ಕಲೆಗಟ್ಟಿದ ಮಕ್ಕಳಿರುವ ಮನೆಗಳು ನೂರಕ್ಕೆ ಹತ್ತು ಇರಬಹುದು ಎಂದು ಮೊದಲೇ ಅಂದಾಜಿದ್ದರೆ 139 ಮನೆಯಲ್ಲೇ ಶೇ 5ರ ಮಿತಿ ಸಿಗುತ್ತದೆ. ಆದರೆ ‘10, ಅದಕ್ಕೆ 5 ಅತ್ತ ಇತ್ತ’ ಎಂದರೆ 5ರಿಂದ 15. ಮೂರು ಪಟ್ಟು ವ್ಯತ್ಯಾಸವಿರುವ ಆ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ. ಅಪರೂಪದ ಸಂಗತಿಗಳಿಗೆ ಮಿತಿಯನ್ನೇ ಬಿಗಿಮಾಡಬೇಕು.

ಬೀಗ ಹಾಕಿದ ಬಾಗಿಲು

362 ಮನೆಗಳ ಉತ್ತರ ಬೇಕು. ಆದರೆ 362 ಚೀಟಿ ಎತ್ತಿದರೆ 362 ಉತ್ತರ ಬರುವುದಿಲ್ಲ. ಟೇಕಲ್, ಮಾಲೂರಿನ ಕಡೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರಿದ್ದಾರೆ. ಕಲ್ಲು ಕೆಲಸಕ್ಕೆ, ಇಟ್ಟಿಗೆ ಗೂಡಿಗೆ, ತೋಟಕ್ಕೆ ಹೋದವರು ಸಂಜೆಯವರೆಗೆ ಸಿಗುವುದಿಲ್ಲ. ಕೆಲವರು ‘ನಮಗೆ ಪುರುಸೊತ್ತಿಲ್ಲ, ಪಕ್ಕದ ಮನೇಲಿ ಕೇಳ್ಕೊಳ್ಳಿ’ ಎಂದು ಕಳಿಸುತ್ತಾರೆ.

ನೂರಕ್ಕೆ 80 ಮನೆಗಳಲ್ಲಿ ಉತ್ತರ ಸಿಕ್ಕೀತು ಎಂದು ಅಂದಾಜು ಮಾಡಿದರೆ, 362ನ್ನು 0.8ರಿಂದ ಭಾಗಿಸಬೇಕು: 453 ಮನೆ. ಕೆಲವರು 362ಕ್ಕೆ ಅದರದೇ ಶೇ 20ನ್ನು ಕೂಡಿಸಿ 435 ಎನ್ನುತ್ತಾರೆ. ಅದು ತಪ್ಪು, 435ರ ಶೇ 80 ಎಂದರೆ 348 ಮಾತ್ರ. ಈ 80 ಎಂಬುದನ್ನು ಗಾಳಿಯಲ್ಲಿ ಹಿಡಿಯಬಾರದು. ಮೊದಲು ಮೂವತ್ತು ನಲವತ್ತು ಮನೆಗೆ ಹೋಗಿ ನೋಡಿದರೆ ಸುಮಾರಾಗಿ ತಿಳಿಯುತ್ತದೆ.

ಗ್ರಾಮ ಪಂಚಾಯಿತಿಗಳ ಮನೆ ಕಂದಾಯದ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿ, 1ರಿಂದ 6,000ದವರೆಗೆ ನಂಬರು ಕೊಡಿ. 6,000ವನ್ನು 453ರಿಂದ ಭಾಗಿಸಿದರೆ 13ಕ್ಕಿಂತ ತುಸು ಹೆಚ್ಚು. ಒಂದರಿಂದ ಹದಿಮೂರರ ಒಳಗೆ ಒಂದು ಚೀಟಿ ಎತ್ತಿ, 7 ಬಂದರೆ 7, 20, 33 ಎಂದು ಹದಿಮೂರಕ್ಕೊಂದು ಮನೆ ಗುರುತು ಹಾಕುತ್ತಾ ಹೋದರೆ 461 ಅಥವಾ 462 ಮನೆ ಆಗುತ್ತದೆ. ಖಾಲಿ ಬಿದ್ದ ಮನೆ, ಕೆಡವಿದ ಮನೆ ಪಟ್ಟಿಯಲ್ಲಿದ್ದರೆ ಅದನ್ನು ‘ಉತ್ತರ ಸಿಗಲಿಲ್ಲ’ ಎಂದು ಬರೆಯಬಾರದು. ಅಲ್ಲಿ ಕುಡಿಯುವವರೇ ಇಲ್ಲ. ಅದಕ್ಕೆ ಬೇರೆ ಕಾಲಂ ಬೇಕು.

ಇನ್ನೊಂದು ಕಟ್ಟುನಿಟ್ಟು: ಬೀಗ ಹಾಕಿದ್ದರೆ ಪಕ್ಕದ ಮನೆಯನ್ನು ಸೇರಿಸಿಕೊಳ್ಳಬಾರದು. ಎಷ್ಟೋ ಸಮೀಕ್ಷೆಗಳಲ್ಲಿ ಕದ್ದುಮುಚ್ಚಿ ನಡೆಯುವ ಕೆಲಸ ಇದು. ಹಾಗೆ ಮಾಡಿದಾಗ ಸಂಖ್ಯೆ ತುಂಬುತ್ತದೆ, ಆದರೆ ಮಾದರಿಯಲ್ಲಿ ಹಗಲು ಮನೆಯಲ್ಲಿರುವವರೇ ಸೇರಿಕೊಳ್ಳುತ್ತಾರೆ.

453 ಮನೆ ಮುಚ್ಚಲಾರದ ತೂತು

ನನಗೆ ಈ ವಿಷಯದಲ್ಲಿ ಅತಿ ಮುಖ್ಯವೆನಿಸುವುದು ಇಲ್ಲಿದೆ. 453 ಚೀಟಿ ಎತ್ತುವುದರಿಂದ ಉತ್ತರಗಳ ಸಂಖ್ಯೆ 362 ಆಗುತ್ತದೆ ಅಷ್ಟೆ. ಉತ್ತರ ಕೊಡದ 91 ಮನೆಗಳ ವಿಷಯ ಹಾಗೇ ಕತ್ತಲಲ್ಲಿ ಉಳಿಯುತ್ತದೆ.

ಉತ್ತರ ಕೊಟ್ಟ ಮನೆಗಳಲ್ಲಿ ಶೇ 60 ಕ್ಯಾನ್ ನೀರು ಬಳಸುತ್ತವೆ ಎನ್ನೋಣ. ಸಿಗದೆ ಹೋದವು ಗಂಡ ಹೆಂಡತಿ ಇಬ್ಬರೂ ದುಡಿಯಲು ಹೊರಡುವ ಮನೆಗಳು, ಕೈಯಲ್ಲಿ ನಾಲ್ಕು ಕಾಸು ಇರುವವು, ಅವುಗಳಲ್ಲಿ ಶೇ 90 ಕ್ಯಾನ್ ನೀರಿನವು ಎಂದಿಟ್ಟುಕೊಳ್ಳಿ. ಇಡೀ ಹೋಬಳಿಯ ನಿಜಸಂಖ್ಯೆ ಆಗ 60ರ ಐದನೇ ನಾಲ್ಕು ಭಾಗ 48, ಅದಕ್ಕೆ 90ರ ಐದನೇ ಒಂದು ಭಾಗ 18 ಸೇರಿ ಶೇ 66. ನಾವು ಬರೆದದ್ದು ‘60, ಶೇ 5 ಹೆಚ್ಚು ಕಡಿಮೆ’. ನಿಜ ನಮ್ಮ ಮಿತಿಯಿಂದ ಹೊರಗೇ ಬಿತ್ತು. 453ರ ಬದಲು 4,530 ಮನೆಗೆ ಹೋಗಿದ್ದರೂ ಇದು ಸರಿಹೋಗುತ್ತಿರಲಿಲ್ಲ. ಏರುಪೇರಿನ ಮಿತಿ ಕಡಿಮೆಯಾಗಿ, ಅದೇ ತಪ್ಪು 60ನ್ನು ಇನ್ನೂ ಹೆಚ್ಚು ಧೈರ್ಯದಿಂದ ಹೇಳುತ್ತಿದ್ದೆವು.

1936ರಲ್ಲಿ ಅಮೆರಿಕದಲ್ಲಿ ಆದದ್ದು ಇದೇ. ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮುಂಚೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದವರು ಶೇ 60ಕ್ಕೂ ಹೆಚ್ಚು ಮತ ಪಡೆದ ರೂಸ್‌ವೆಲ್ಟ್. ವಿಳಾಸಗಳನ್ನು ತೆಗೆದದ್ದು ಫೋನು, ಕಾರು ಇದ್ದವರಂಥವರ ಪಟ್ಟಿಗಳಿಂದ. ಅವರಲ್ಲೂ ಉತ್ತರ ಬರೆದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ. 20 ಲಕ್ಷ ಎಂಬ ಸಂಖ್ಯೆ ಈ ಎರಡು ತೂತುಗಳಲ್ಲಿ ಒಂದನ್ನೂ ಮುಚ್ಚಲಿಲ್ಲ.

ಅಕ್ಕಪಕ್ಕದ ಮನೆಗಳು

ಇನ್ನೊಂದು ತೊಡಕನ್ನು ಬೇಗ ಹೇಳಿ ಮುಗಿಸುತ್ತೇನೆ. ಹೋಬಳಿಯ ತುಂಬ ಚದುರಿದ 453 ಮನೆ ಹುಡುಕುವುದು ಕಷ್ಟವೆಂದು, ಕೆಲವು ಹಳ್ಳಿಗಳನ್ನು ಆರಿಸಿ ಪ್ರತಿ ಹಳ್ಳಿಯಲ್ಲೂ ಹನ್ನೆರಡು ಮನೆ ಕೇಳುವುದು ರೂಢಿ. ಆದರೆ ಘಟಕವಿರುವ ಹಳ್ಳಿಯಲ್ಲಿ ಹೆಚ್ಚಿನವರು ಕ್ಯಾನ್ ನೀರು ತರುತ್ತಾರೆ, ಘಟಕ ಕೆಟ್ಟು ನಿಂತ ಹಳ್ಳಿಯಲ್ಲಿ ತರುವವರು ಕಡಿಮೆ. ಒಂದು ಹಳ್ಳಿಯ ಹನ್ನೆರಡು ಮನೆಗಳು ಹನ್ನೆರಡು ಹೊಸ ಸುದ್ದಿ ಕೊಡುವುದಿಲ್ಲ. ಅದಕ್ಕೆ ಪರಿಹಾರವಾಗಿ ಮಾದರಿಯನ್ನು ಒಂದೂವರೆ ಎರಡು ಪಟ್ಟು ಹಿಗ್ಗಿಸುತ್ತಾರೆ. ಲಸಿಕೆ ಎಷ್ಟು ಮಕ್ಕಳಿಗೆ ತಲುಪಿದೆ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಬಳಸಿದ ಕ್ರಮದಲ್ಲಿ 30 ಗುಂಪು, ಗುಂಪಿಗೆ 7 ಮಕ್ಕಳು, ಒಟ್ಟು 210. ಶೇ 10ರ ಮಿತಿಗೆ ಬೇಕಾದ 96ನ್ನು ಎರಡು ಪಟ್ಟು ಮಾಡಿದರೆ 192, ಅದಕ್ಕೆ ಹತ್ತಿರದ್ದೇ ಈ 210. ನೀರಿನಂಥ ವಿಷಯದಲ್ಲಿ ಅಕ್ಕಪಕ್ಕದವರು ಇನ್ನೂ ಹೆಚ್ಚು ಒಂದೇ ಥರ. ಆದ್ದರಿಂದ ಟೇಕಲ್‌ನಲ್ಲಿ ಹದಿಮೂರಕ್ಕೊಂದು ಮನೆ ಎಂದು ಚದುರಿಸಿಯೇ ಕೇಳುವುದು ಒಳ್ಳೆಯದು.

ಸಿಗದವರನ್ನು ಹುಡುಕುವ ಲೆಕ್ಕ

ಬೀಗದ ಮನೆಗಳು ಬೇರೆ ಥರದವೋ ಅಲ್ಲವೋ ಎಂದು ಪತ್ತೆ ಹಚ್ಚಲು ದಾರಿಯಿದೆ. ಪ್ರತಿ ಹಾಳೆಯ ಮೇಲೂ ಎಷ್ಟನೇ ಭೇಟಿಯಲ್ಲಿ ಉತ್ತರ ಸಿಕ್ಕಿತು ಎಂದು ಬರೆಯಿರಿ. ಮೊದಲ ಭೇಟಿಯಲ್ಲೇ ಸಿಕ್ಕವರಲ್ಲಿ ಶೇ 56, ಸಂಜೆ ಏಳರ ಮೇಲೆ ಅಥವಾ ಭಾನುವಾರ ಎರಡನೇ ಸಲ ಹೋದಾಗ ಸಿಕ್ಕವರಲ್ಲಿ ಶೇ 72 ಎಂದು ಬಂದರೆ, ಕೊನೆಗೂ ಸಿಗದವರಲ್ಲಿ ಅದು ಇನ್ನೂ ಹೆಚ್ಚಿರಬಹುದು ಎಂಬ ಸುಳಿವು ಅದು. ಎರಡೂ ಗುಂಪಿನ ಉತ್ತರ ಒಂದೇ ಆಗಿದ್ದರೆ ಅಷ್ಟು ಚಿಂತೆಯಿಲ್ಲ.

ಸುಳಿವು ಸಿಕ್ಕ ಮೇಲೆ ಏನು ಮಾಡಬೇಕೆಂಬುದನ್ನು 1946ರಲ್ಲಿ ಅಮೆರಿಕದ ಜನಗಣತಿ ಇಲಾಖೆಯ ಮಾರಿಸ್ ಹ್ಯಾನ್ಸನ್ ಮತ್ತು ವಿಲಿಯಂ ಹರ್ವಿಟ್ಜ್ ತೋರಿಸಿಕೊಟ್ಟರು. ಎಲ್ಲ 91 ಮನೆಗಳ ಹಿಂದೆ ಓಡಾಡುವುದು ಬೇಡ. ಅವುಗಳಲ್ಲೇ ಚೀಟಿ ಎತ್ತಿ 30 ಮನೆ ಆರಿಸಿ, ಆ ಮೂವತ್ತನ್ನು ಮಾತ್ರ ಬಿಡದೆ ಹಿಡಿಯಿರಿ. ಬೆಳಗಿನ ರೈಲಿಗೆ ಮುಂಚೆ ಹೋಗಿ, ಹಬ್ಬದ ದಿನ ಹೋಗಿ, ಫೋನ್ ನಂಬರ್ ಕೇಳಿ ಪಡೆಯಿರಿ. ಮೂವತ್ತರಲ್ಲಿ 26 ಮನೆ ‘ಹೌದು’ ಎಂದರೆ ಅದು ಸುಮಾರು ಶೇ 87. ಈ ಉತ್ತರ 91 ಮನೆಗಳ ಪರವಾಗಿ ನಿಲ್ಲುತ್ತದೆ. 60ರ ಐದನೇ ನಾಲ್ಕು ಭಾಗ 48, 87ರ ಐದನೇ ಒಂದು ಭಾಗ 17.4, ಒಟ್ಟು ಶೇ 65.4. ಮೂವತ್ತೇ ಮನೆಗಳ ಉತ್ತರದಲ್ಲಿ ಶೇ 12ರಷ್ಟು ಏರುಪೇರು ಇರಬಹುದು. ಆದರೆ ಅದು ಐದನೇ ಒಂದು ಪಾಲಿಗೆ ಮಾತ್ರ ಸೇರುವುದರಿಂದ ಒಟ್ಟು ಉತ್ತರಕ್ಕೆ ತಾಗುವುದು ಎರಡೂವರೆಯೊಳಗೆ. ಇನ್ನೂ ನೂರಿನ್ನೂರು ಹೊಸ ಮನೆ ಕೇಳುವ ದುಡ್ಡು ಕೈಯಲ್ಲಿದ್ದರೆ, ಅದನ್ನು ಈ ಮೂವತ್ತು ಬಾಗಿಲುಗಳಿಗೇ ಖರ್ಚು ಮಾಡಬೇಕು.